ದೊಡ್ಡಪ್ಪನ 41 ನಿಮಿಷದ ಮಾತನ್ನು 4 ನಿಮಿಷದ ಮದುವೆ ವಿಡಿಯೋಗೆ ಇಳಿಸೋದು ಹೇಗೆ?

ಮದುವೆ ಸೀಜನ್ ಶುರುವಾದರೆ ನನಗೆ ಬರುವ ಪ್ರಶ್ನೆ ಒಂದೇ. "ನಮ್ಮ ಅಜ್ಜ ಅರ್ಧ ಗಂಟೆ ಮಾತಾಡಿದ್ದಾರೆ, ರೆಕಾರ್ಡ್ ಇದೆ. ಮಂಟಪದಲ್ಲಿ ತೋರಿಸೋ ವಿಡಿಯೋಗೆ ಅದನ್ನೇ ಹಾಕಬೇಕು, ಆದ್ರೆ ನಾಲ್ಕು ನಿಮಿಷಕ್ಕಿಂತ ಜಾಸ್ತಿ ಆಗಬಾರದು. ಏನು ಮಾಡೋದು?" ಅಜ್ಜನ ಜಾಗದಲ್ಲಿ ಕೆಲವೊಮ್ಮೆ ಸೋದರಮಾವ ಇರುತ್ತಾರೆ, ಕೆಲವೊಮ್ಮೆ ದೊಡ್ಡಮ್ಮ. ಸಮಸ್ಯೆ ಮಾತ್ರ ಅದೇ. ಮಾತು ಚೆನ್ನಾಗಿದೆ, ತಲೆ ಬುಡ ಇಲ್ಲ.

ಹೆಚ್ಚಿನವರು ಎಡವುವುದು ಇಲ್ಲೇ. ಆ ಅರ್ಧ ಗಂಟೆಯನ್ನು ಕತ್ತರಿಸುತ್ತಾ ಹೋಗುತ್ತಾರೆ. ಇಪ್ಪತ್ತಕ್ಕೆ ಇಳಿಯುತ್ತದೆ, ಹತ್ತಕ್ಕೆ ಇಳಿಯುತ್ತದೆ, ಅಲ್ಲಿಂದ ಕೆಳಗೆ ಇಳಿಯುವುದೇ ಇಲ್ಲ. ಕತ್ತರಿಸಿ ನಾಲ್ಕು ನಿಮಿಷ ಮಾಡಲು ಆಗಲ್ಲ. ಮಾತನ್ನು ಪೂರ್ತಿ ಬಿಚ್ಚಿಟ್ಟು, ಬೇಕಾದ ನಾಲ್ಕು ತುಂಡು ಆರಿಸಿ, ಹೊಸದಾಗಿ ಹೊಲಿಯಬೇಕು.

ದಾವಣಗೆರೆಯ ಒಂದು ಮನೆಯ ಉದಾಹರಣೆ ಇಟ್ಟುಕೊಂಡೇ ಹೇಳುತ್ತೇನೆ. ಎಪಿಎಂಸಿಯಲ್ಲಿ ದಲ್ಲಾಳಿ ಅಂಗಡಿ ಇಟ್ಟವರು. ಮದುಮಗಳ ಬಗ್ಗೆ ಅವಳ ದೊಡ್ಡಪ್ಪ ಮನೆಯ ಹಾಲಿನಲ್ಲಿ ಕೂತು ಮಾತಾಡಿದ್ದರು. ಫೋನಿನಲ್ಲಿ ರೆಕಾರ್ಡಿಂಗ್, 41 ನಿಮಿಷ. ಸುತ್ತ ಏಳೆಂಟು ಜನ ಕೂತು ನಡುನಡುವೆ ಬಾಯಿ ಹಾಕಿದ್ದರು. ಮೇಲೆ ಫ್ಯಾನಿನ ಸದ್ದು ಬೇರೆ.

ಏನೇನು ಬೇಕು

ಮೂಲ ರೆಕಾರ್ಡಿಂಗ್, ಒಂದು ಹೆಡ್‌ಸೆಟ್, ಒಂದು ನೋಟ್‌ಬುಕ್, ನಲವತ್ತು ನಲವತ್ತೈದು ಫೋಟೋ. ಒಂದೊಂದು ಫೋಟೋ ಐದಾರು ಸೆಕೆಂಡ್ ಪರದೆ ಮೇಲೆ ನಿಂತರೆ ನಾಲ್ಕು ನಿಮಿಷಕ್ಕೆ ಅಷ್ಟು ಸಾಕು. ನೂರಿಪ್ಪತ್ತು ಫೋಟೋ ತುರುಕಿದರೆ ಯಾರ ಮುಖವೂ ಕಾಣಲ್ಲ.

ಇವುಗಳ ಜೊತೆಗೆ ಒಬ್ಬ ಮನುಷ್ಯ ಬೇಕು: ಮನೆಯಲ್ಲಿ ಕೊನೆಯ ಮಾತು ಹೇಳುವವರು. ಒಬ್ಬರೇ ಇರಲಿ. ಫ್ಯಾಮಿಲಿ ಗ್ರೂಪಿಗೆ ಹಾಕಿ "ಹೇಗಿದೆ?" ಅಂತ ಕೇಳಿದಿರೋ, ಮದುವೆ ಮುಗಿದರೂ ವಿಡಿಯೋ ಮುಗಿಯಲ್ಲ. ನಮ್ಮ ಉದಾಹರಣೆಯಲ್ಲಿ ಆ ಒಬ್ಬರು ಹುಡುಗಿಯ ಅಮ್ಮ.

ಬರವಣಿಗೆಗೆ ಮೂರು ಸಂಜೆ ಬೇಕು. ವಿಡಿಯೋ ಕೂಡಿಸುವವರಿಗೆ ಆಮೇಲೆ ಒಂದು ವಾರ ಕೊಡಿ. ಮದುವೆ ಎರಡು ದಿನ ಇದೆ ಅನ್ನುವಾಗ ಇದಕ್ಕೆ ಕೈ ಹಾಕಬೇಡಿ. ಆಗ ಸುಮ್ನೆ ಫೋಟೋಗಳಿಗೆ ಸಂಗೀತ ಹಾಕಿ ತೋರಿಸುವುದೇ ವಾಸಿ.

1. ಎರಡು ಸಲ ಕೇಳಿ, ಎರಡನೇ ಸಲ ಪಟ್ಟಿ ಮಾಡಿ

ಮೊದಲ ಸಲ ಪೆನ್ನು ಮುಟ್ಟಬೇಡಿ, ಪೂರ್ತಿ ಕೇಳಿ. ಕೇಳಿ ಮುಗಿದ ಮೇಲೆ ನೆನಪಿನಲ್ಲಿ ಉಳಿದ ಎರಡು ಮೂರು ವಿಷಯ ಮಾತ್ರ ಬರೆದಿಡಿ. ಮಂಟಪದಲ್ಲಿ ಕೂತವರಿಗೂ ಉಳಿಯುವುದು ಅಷ್ಟೇ.

ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ ಕೇಳುತ್ತಾ ಪಟ್ಟಿ ಮಾಡಿ. ಪ್ರತಿ ಪದ ಬರೆದುಕೊಳ್ಳುವ ಅಗತ್ಯ ಇಲ್ಲ. ಎಷ್ಟನೇ ನಿಮಿಷ, ಏನು ವಿಷಯ, ಪಕ್ಕದಲ್ಲಿ ಒಂದು ಗುರುತು. ನಾನು ನಾಲ್ಕು ಗುರುತು ಬಳಸುತ್ತೇನೆ. "ಕ" ಅಂದರೆ ಕಥೆ: ಒಂದು ದಿನ, ಒಂದು ಜಾಗ, ಯಾರೋ ಏನೋ ಮಾಡಿದರು. "ಅ" ಅಂದರೆ ಅಭಿಪ್ರಾಯ: "ಬಹಳ ಒಳ್ಳೆ ಹುಡುಗಿ", "ಜವಾಬ್ದಾರಿ ಇರೋಳು". "ಉ" ಅಂದರೆ ಉಪಚಾರ: ಬಂದವರಿಗೆ ನಮಸ್ಕಾರ, ಹರಕೆ, ಹೆಸರುಗಳ ಪಟ್ಟಿ. "ಬೇ" ಅಂದರೆ ಬೇಡ: ಎಲ್ಲರ ಮುಂದೆ ಆಡಬಾರದ್ದು.

ದೊಡ್ಡಪ್ಪನ ಪಟ್ಟಿಯ ಕೆಲವು ಸಾಲು ಹೀಗಿದ್ದವು:

02:15 – ಅಜ್ಜ ಹತ್ತಿ ಮಿಲ್ಲಿನಲ್ಲಿ ಇದ್ದಿದ್ದು, ಪಾಳಿ, ಮಿಲ್ಲು ಮುಚ್ಚಿದ್ದು – ಕ
06:40 – ಜಮೀನು ಪಾಲಾದಾಗ ಆದ ಜಗಳ – ಬೇ
11:05 – "ಚಿಕ್ಕಂದಿನಿಂದ ಚುರುಕು" – ಅ
19:10 – ಅಂಗಡಿಯಲ್ಲಿ ಚೀಲ ಎಣಿಸಿದ್ದು – ಕ
24:30 – ಅಪ್ಪನ ಆಪರೇಷನ್, ನೋಟ್‌ಬುಕ್ಕಿನಲ್ಲಿ ಮಾತ್ರೆ ಲೆಕ್ಕ – ಕ
27:30 – ರೈತರು ಕಡಲೆಕಾಯಿ ತಂದುಕೊಟ್ಟಿದ್ದು – ಕ
30:00 – ಮೊದಲು ಬಂದಿದ್ದ ಒಂದು ಸಂಬಂಧ – ಬೇ
39:50 – "ನಂದೇ ತಪ್ಪು ಹಿಡಿದಾಕಿ" – ಅ, ಆದರೆ ಇಡಬೇಕು

ಒಟ್ಟು 58 ಸಾಲು ಆದವು. ಅದರಲ್ಲಿ ಕಥೆ ಬರೀ 9. ಅಭಿಪ್ರಾಯ 21, ಉಪಚಾರ 17, ಬೇಡ 11. ನಿಮ್ಮ ಪಟ್ಟಿಯೂ ಹೆಚ್ಚು ಕಡಿಮೆ ಹೀಗೇ ಬರುತ್ತದೆ. ಗಾಬರಿ ಬೇಡ, ನಾಲ್ಕು ನಿಮಿಷಕ್ಕೆ ಮೂರು ಕಥೆ ಸಾಕು.

ಎಚ್ಚರಿಕೆ: ರೆಕಾರ್ಡಿಂಗಿನ ಕೊನೆಯನ್ನು ಬೇಸರದಲ್ಲಿ ಓಡಿಸಬೇಡಿ. ದೊಡ್ಡಪ್ಪ 39ನೇ ನಿಮಿಷದಲ್ಲಿ "ಸಾಕೇನಪ್ಪ?" ಅಂತ ಕೇಳಿದರು. ಎದ್ದು ಹೋಗುತ್ತಾ ಒಂದು ಮಾತು ಅಂದರು. ಇಡೀ ವಿಡಿಯೋ ನಿಂತಿದ್ದು ಆ ಮಾತಿನ ಮೇಲೆ. ಮುಗಿಯಿತು ಅಂದುಕೊಂಡ ಮೇಲೆಯೇ ಜನ ಸಲೀಸಾಗಿ ಮಾತಾಡುತ್ತಾರೆ. ನೀವೇ ರೆಕಾರ್ಡ್ ಮಾಡುವವರಾದರೆ, ಅವರು ಮುಗಿಸಿದ ಮೇಲೂ ಐದು ನಿಮಿಷ ಫೋನು ಆಫ್ ಮಾಡಬೇಡಿ.

2. ಎಳೆ ಹುಡುಕಿ

ಎಳೆ ಅಂದರೆ ನಾಲ್ಕು ನಿಮಿಷವನ್ನೂ ಹಿಡಿದಿಡುವ ಒಂದೇ ಒಂದು ವಸ್ತು ಅಥವಾ ಅಭ್ಯಾಸ. "ಪ್ರೀತಿ", "ಸಂಸ್ಕಾರ", "ತ್ಯಾಗ" ಎಳೆ ಆಗಲ್ಲ, ಯಾವ ಮನೆಯ ವಿಡಿಯೋಗೆ ಅಂಟಿಸಿದರೂ ಅಂಟುತ್ತವೆ. ಎಳೆ ಕಣ್ಣಿಗೆ ಕಾಣುವಂಥದ್ದು ಇರಬೇಕು.

ಹುಡುಕುವ ದಾರಿ ಸುಲಭ. ಮಾತಾಡುವವರು ಯಾವುದಕ್ಕೆ ಒತ್ತು ಕೊಟ್ಟರು ಅಂತ ನೋಡಬೇಡಿ. ಅವರಿಗೇ ಗೊತ್ತಿಲ್ಲದೆ ಯಾವುದು ಮತ್ತೆ ಮತ್ತೆ ಬಂತು ಅಂತ ನೋಡಿ. ದೊಡ್ಡಪ್ಪ ಒತ್ತು ಕೊಟ್ಟಿದ್ದು ಮಿಲ್ಲಿಗೆ. ಮೊದಲ ಒಂಬತ್ತು ನಿಮಿಷದಲ್ಲಿ ಹೆಚ್ಚಿನದು ಅದೇ. ಆದರೆ ಪಟ್ಟಿ ಹರಡಿಕೊಂಡು ನೋಡಿದರೆ ಬೇರೆ ಬೇರೆ ಕಡೆ, ಒಂದಕ್ಕೊಂದು ಸಂಬಂಧ ಇಲ್ಲದಂತೆ, ನಾಲ್ಕು ಸಲ ಒಂದು ನೋಟ್‌ಬುಕ್ ಬಂದಿತ್ತು. ಅಂಗಡಿಯ ಲೆಕ್ಕದ ಪುಸ್ತಕ, ಕೆಂಪು ರಟ್ಟಿನದು. ಅವಳು ಅದರಲ್ಲಿ ತಪ್ಪು ಹಿಡಿದಿದ್ದು. ಅಂಥದ್ದೇ ಇನ್ನೊಂದು ಪುಸ್ತಕದಲ್ಲಿ ಅಪ್ಪನ ಮಾತ್ರೆಯ ಹೊತ್ತು ಬರೆದಿದ್ದು. ಕಾಲೇಜಿಗೆ ಹೋಗುವಾಗ ಒಂದನ್ನು ಕೇಳಿ ಇಸಕೊಂಡಿದ್ದು. ಈಗ ತನ್ನ ಮದುವೆ ಖರ್ಚನ್ನೂ ಅದರಲ್ಲೇ ಬರೆಯುತ್ತಿರುವುದು.

ಸಿಕ್ಕಿದ ಎಳೆಯನ್ನು ಮೂರು ಪ್ರಶ್ನೆ ಕೇಳಿ. ಇದನ್ನು ಫೋಟೋ ತೆಗೆಯಬಹುದಾ? ನೋಟ್‌ಬುಕ್ ಮನೆಯಲ್ಲೇ ಇತ್ತು, ತೆಗೆಯಬಹುದು. ಇದು ಮದುಮಗಳದೇ ಕಥೆಯಾ? ಮಿಲ್ಲಿನದ್ದು ಅಜ್ಜನ ಕಥೆ, ನೋಟ್‌ಬುಕ್ಕಿನದ್ದು ಹುಡುಗಿಯ ಕಥೆ. ಚಿಕ್ಕಂದಿನಿಂದ ಇವತ್ತಿನವರೆಗೆ ಬರುತ್ತದಾ? ಬರುತ್ತದೆ. ಮೂರಕ್ಕೂ ಹೌದು ಅಂತ ಬಂದರೆ ಮುಂದೆ ಹೋಗಿ.

ಮಿಲ್ಲಿನ ಕಥೆ ಬಿಡಲು ನನಗೂ ಹೊಟ್ಟೆ ಉರಿಯಿತು. ದಾವಣಗೆರೆಯಲ್ಲಿ ಹತ್ತಿ ಮಿಲ್ಲಿನ ಸೈರನ್ ಕೇಳಿ ಬೆಳೆದ ಮನೆಗಳು ಎಷ್ಟೋ. ಆದರೂ ಈ ನಾಲ್ಕು ನಿಮಿಷದಲ್ಲಿ ಅದಕ್ಕೆ ಜಾಗ ಇಲ್ಲ. ಒಳ್ಳೆಯದನ್ನು ಬಿಡಲು ಆಗದಿದ್ದರೆ ಈ ಕೆಲಸ ಆಗಲ್ಲ.

3. ಬರೆಯುವ ಮುಂಚೆ ಸೆಕೆಂಡ್ ಹಂಚಿ

ನಾಲ್ಕು ನಿಮಿಷ ಅಂದರೆ 240 ಸೆಕೆಂಡ್. ಅಷ್ಟೂ ಹೊತ್ತು ಮಾತು ಇರಬಾರದು. ಉಸಿರು ಬೇಕು, ಮೌನ ಬೇಕು. ನಾವು ಹಂಚಿದ್ದು ಹೀಗೆ:

ಶುರುವಿನ ಸಂಗೀತ, ಹೆಸರು – 10
ಮೊದಲ ತುಂಡು: ಅಂಗಡಿ, ಚೀಲ, ಪುಸ್ತಕ – 40
ಎರಡನೇ ತುಂಡು: 48 ಚೀಲದ ಕಥೆ – 55
ದೊಡ್ಡಪ್ಪನ ಸ್ವಂತ ದನಿ – 9
ಮೂರನೇ ತುಂಡು: ಆಪರೇಷನ್ನಿನ ವರ್ಷ – 50
ನಾಲ್ಕನೇ ತುಂಡು: ಇವತ್ತು, ಹುಡುಗ, ಮದುವೆ – 50
ದೊಡ್ಡಪ್ಪನ ಸ್ವಂತ ದನಿ – 12
ಕೊನೆಯ ಫೋಟೋ, ಸಂಗೀತ – 14

ಅಂದರೆ ಓದುವವರಿಗೆ ಸಿಗುವುದು 195 ಸೆಕೆಂಡ್. ಈಗ ಇದನ್ನು ಪದಕ್ಕೆ ಇಳಿಸಬೇಕು. ಇಂಗ್ಲಿಷಿನವರು ನಿಮಿಷಕ್ಕೆ 130, 150 ಪದ ಅನ್ನುತ್ತಾರೆ. ಆ ಲೆಕ್ಕ ಕನ್ನಡಕ್ಕೆ ಹೊಂದಲ್ಲ. ನಮ್ಮಲ್ಲಿ "ಬರೆದುಕೊಳ್ಳುತ್ತಿದ್ದರು" ಅನ್ನುವುದು ಒಂದೇ ಪದ. ಹಾಗಾಗಿ ನಿಮ್ಮ ಲೆಕ್ಕ ನೀವೇ ತೆಗೆಯಿರಿ. ಓದುವವರ ಕೈಗೆ ಒಂದು ಪತ್ರಿಕೆ ಕೊಡಿ. ಮಂಟಪದಲ್ಲಿ ಓದುವಷ್ಟೇ ನಿಧಾನವಾಗಿ, ಸರಿಯಾಗಿ ಒಂದು ನಿಮಿಷ ಓದಿಸಿ. ಎಷ್ಟು ಪದ ಆಯಿತು ಎಣಿಸಿ.

ಇಲ್ಲಿ ಓದಿದ್ದು ದೊಡ್ಡಪ್ಪನ ಮಗಳು. ಅವಳಿಗೆ ನಿಮಿಷಕ್ಕೆ 92 ಬಂತು. 195 ಸೆಕೆಂಡಿಗೆ ಹತ್ತಿರ ಹತ್ತಿರ 300 ಪದ. ಇಡೀ ನಿರೂಪಣೆ ಅಷ್ಟೇ, ಕೈಬರಹದಲ್ಲಿ ಒಂದೂವರೆ ಎರಡು ಪುಟ. ಇದನ್ನು ಮೊದಲೇ ತಿಳಿದುಕೊಂಡರೆ ಸುಮ್ನೆ ಎಂಟು ಪುಟ ಬರೆದು ಅಳುವುದು ತಪ್ಪುತ್ತದೆ.

4. ತೆಗೆಯಬೇಕಾದ್ದನ್ನು ಈಗಲೇ ತೆಗೆಯಿರಿ

ಹೆಸರುಗಳ ಪಟ್ಟಿ ಮೊದಲು ಹೋಗಲಿ. ಒಬ್ಬ ಚಿಕ್ಕಪ್ಪನ ಹೆಸರು ಹೇಳಿ ಇನ್ನೊಬ್ಬರದ್ದು ಬಿಟ್ಟರೆ ಊಟದ ಪಂಕ್ತಿಯಲ್ಲೇ ಮುಖ ಊದಿಸಿಕೊಳ್ಳುತ್ತಾರೆ. ಎಲ್ಲರನ್ನೂ ಹೇಳಿದರೆ ಒಂದು ನಿಮಿಷ ಅಲ್ಲೇ ಖಾಲಿ. ಬದಲಿಗೆ ಕೊನೆಯ 14 ಸೆಕೆಂಡಿಗೆ ಇಡೀ ಬಳಗದ ಒಂದು ಗುಂಪು ಫೋಟೋ ಹಾಕಿ. ಎಲ್ಲರೂ ತಮ್ಮನ್ನು ತಾವು ಹುಡುಕಿಕೊಳ್ಳುತ್ತಾರೆ.

"ಬೇ" ಗುರುತಿನವನ್ನು ಚರ್ಚೆ ಇಲ್ಲದೆ ಬಿಡಿ. ಆಸ್ತಿ ಜಗಳ, ಸಾಲ, ಹಿಂದೆ ಬಂದಿದ್ದ ಸಂಬಂಧ, ಹುಡುಗಿಯ ಬಣ್ಣ, ತೂಕ, ಫೇಲಾದ ಪರೀಕ್ಷೆ, ಮದುವೆಗೆ ಎಷ್ಟು ಖರ್ಚಾಯಿತು ಅನ್ನುವುದು, ಇವು ಯಾವುವೂ ಬೇಡ. ತಮಾಷೆಗೆ ಅಂತಲೂ ಬೇಡ. ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ: ಮುಂದಿನ ಸಾಲಿನಲ್ಲಿ ಬೀಗರ ಕಡೆಯ ಅಜ್ಜಿ ಕೂತಿದ್ದಾರೆ. ಈ ವಾಕ್ಯ ಕೇಳಿ ಅವರು ಪಕ್ಕದವರ ಕಿವಿಯಲ್ಲಿ "ಏನಂತೆ ಅದು?" ಅಂತ ಕೇಳುತ್ತಾರಾ? ಕೇಳುತ್ತಾರೆ ಅನಿಸಿದರೆ ತೆಗೆದುಬಿಡಿ.

ಕಾಯಿಲೆ ವಿಷಯ ಮಾತ್ರ ನಡುವಿನದು. ತೆಗೆಯಲೂ ಆಗಲ್ಲ, ಕೇಳದೆ ಹಾಕಲೂ ಆಗಲ್ಲ. ಯಾರ ಕಾಯಿಲೆಯೋ ಅವರನ್ನೇ ಕೇಳಬೇಕು. ನಾವು ಹುಡುಗಿಯ ಅಪ್ಪನಿಗೆ ಆ ಭಾಗ ಕೇಳಿಸಿದೆವು. "ಆಪರೇಷನ್ ಅಂತ ಹೇಳ್ರಿ, ಪರವಾಗಿಲ್ಲ. ಯಾರತ್ರ ದುಡ್ಡು ಇಸ್ಕಂಡಿದ್ವಿ ಅಂತ ಬ್ಯಾಡ" ಅಂದರು. ಹಾಗೇ ಮಾಡಿದೆವು. ಯಾವ ಆಸ್ಪತ್ರೆ, ಯಾವ ಆಪರೇಷನ್ ಅಂತಲೂ ಹೇಳಲಿಲ್ಲ. "ಅಪ್ಪನಿಗೆ ಆಪರೇಷನ್ ಆದ ವರ್ಷ" ಅಂದರೆ ಸಾಕು, ಕಥೆ ನಿಂತಿರುವುದು ಮಾತ್ರೆಯ ಹೊತ್ತು ಬರೆದ ಪುಟದ ಮೇಲೆ.

5. ಮಾತನ್ನು ನಿರೂಪಣೆ ಮಾಡಿ

ಇದೇ ನಿಜವಾದ ಕೆಲಸ. ಒಂದು ತುಂಡು ಪೂರ್ತಿ ತೋರಿಸುತ್ತೇನೆ. ದೊಡ್ಡಪ್ಪ 19:10ರಲ್ಲಿ ಹೇಳಿದ್ದು:

"ಆಮ್ಯಾಲೆ ಏನಾತಪ್ಪ ಅಂದ್ರೆ, ಅವತ್ತು ಸೀಜನ್ನು ನೋಡ್ರಿ, ಮೆಕ್ಕೆಜೋಳ, ಲಾರಿ ಮ್ಯಾಲೆ ಲಾರಿ, ಉಣ್ಣಾಕೂ ಟೈಮಿಲ್ಲ. ನಮ್ಮ ಗುಮಾಸ್ತ ಅವತ್ತು ಬಂದಿರ್ಲಿಲ್ಲ, ಅವನ ತಂಗಿ ಮದುವೇನೋ ಏನೋ ಇತ್ತು, ಹರಿಹರದಾಗೆ... ಅಲ್ಲ, ಮಲೇಬೆನ್ನೂರಾಗೆ... ಇರ್ಲಿ ಬಿಡ್ರಿ. ನಾನೇ ಬರ್ಕಂತಿದ್ದೆ. ಈ ಹುಡುಗಿ ಸ್ಕೂಲ್ ಮುಗಿಸ್ಕಂಡು ಬಂದು ಚೀಲದ ಮ್ಯಾಲೆ ಕುಂತಿತ್ತು. ಐದನೇ ಕ್ಲಾಸಾ, ಆರನೇ ಕ್ಲಾಸಾ... ಐದು. ಸುಮ್ನೆ ಕುಂತೈತಿ ಅಂತ ನಾನು ತಿಳ್ಕಂಡಿದ್ದೆ. 'ದೊಡ್ಡಪ್ಪ, ನಲವತ್ತೆಂಟು' ಅಂತು. ಏನೇ ನಲವತ್ತೆಂಟು ಅಂದೆ. 'ಚೀಲ. ನೀನು ನಲವತ್ತಾರು ಬರ್ದಿದೀಯ' ಅಂತು. ಬೈದೆ ನಾನು. ಆಮ್ಯಾಲೆ ಎಣಿಸಿದ್ರೆ ನಲವತ್ತೆಂಟೇ!"

ಇದರ ಮುಂದಿನ ಭಾಗ, ಅಂದರೆ ಆ ರೈತರು ಕಡಲೆಕಾಯಿ ತಂದಿದ್ದು, ಎಂಟು ನಿಮಿಷ ಬಿಟ್ಟು 27:30ರಲ್ಲಿ ಬಂತು. ನಡುವೆ ಆಪರೇಷನ್ ಕಥೆ ಹಾದುಹೋಗಿತ್ತು. ಎರಡನ್ನೂ ಒಟ್ಟಿಗೆ ತಂದು ಬರೆದ ಮೇಲೆ ಹೀಗಾಯಿತು:

"ಮೆಕ್ಕೆಜೋಳದ ಸೀಜನ್ನು. ಅಂಗಡಿ ಮುಂದೆ ಲಾರಿ ಹಿಂದೆ ಲಾರಿ. ಅವತ್ತು ಗುಮಾಸ್ತರು ಬಂದಿರಲಿಲ್ಲ. ದೊಡ್ಡಪ್ಪನೇ ಲೆಕ್ಕ ಬರೆಯುತ್ತಿದ್ದರು.

ಚೀಲದ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ಐದನೇ ಕ್ಲಾಸು. ಸ್ಕೂಲ್ ಮುಗಿಸಿ ಅಂಗಡಿಗೆ ಬಂದಿದ್ದಳು. ಸುಮ್ನೆ ಕೂತಿದ್ದಾಳೆ ಅಂತ ದೊಡ್ಡಪ್ಪ ಅಂದುಕೊಂಡಿದ್ದರು.

'ದೊಡ್ಡಪ್ಪ, ನಲವತ್ತೆಂಟು' ಅಂದಳು.

'ಏನೇ ನಲವತ್ತೆಂಟು?'

'ಚೀಲ. ನೀನು ನಲವತ್ತಾರು ಬರೆದಿದೀಯ.'

ದೊಡ್ಡಪ್ಪ ಬೈದರು. ಆಮೇಲೆ ಎಣಿಸಿದರು.

ನಲವತ್ತೆಂಟು.

ಎರಡು ಚೀಲದ ದುಡ್ಡು ಆ ರೈತರ ಕೈ ಸೇರಿತು. ಮುಂದಿನ ವರ್ಷ ಅವರು ಮತ್ತೆ ಇದೇ ಅಂಗಡಿಗೆ ಬಂದರು. ಕೈಯಲ್ಲಿ ಒಂದು ಚೀಲ ಕಡಲೆಕಾಯಿ. 'ಲೆಕ್ಕದ ಹುಡುಗಿಗೆ' ಅಂದರು. ಅವತ್ತಿನಿಂದ ಮನೆಯಲ್ಲಿ ಅವಳ ಹೆಸರು ಅದೇ."

ಇದು 69 ಪದ. ಈ ತುಂಡಿಗೆ 84ರವರೆಗೆ ಜಾಗ ಇತ್ತು. ಉಳಿದ 15 ಪದವನ್ನು ತುಂಬಿಸಲಿಲ್ಲ. ಹತ್ತು ಸೆಕೆಂಡ್ ಸಿಕ್ಕಿತು, ಅದನ್ನು ಕೊನೆಯ "ನಲವತ್ತೆಂಟು" ಪದದ ಹಿಂದೆ ಮುಂದೆ ಮೌನಕ್ಕೆ ಇಟ್ಟೆವು. ಜನ ನಗುವುದು ಅಲ್ಲೇ. ನಗುವಾಗ ಮಾತು ಮುಂದುವರಿದರೆ ಮುಂದಿನ ವಾಕ್ಯ ಯಾರಿಗೂ ಕೇಳಲ್ಲ.

ಏನು ಬದಲಾಯಿತು ನೋಡಿ. ಗುಮಾಸ್ತರ ತಂಗಿ, ಹರಿಹರ, ಮಲೇಬೆನ್ನೂರು ಹೋದವು. "ಗುಮಾಸ್ತರು ಬಂದಿರಲಿಲ್ಲ" ಉಳಿಯಿತು. ಅದಿಲ್ಲದಿದ್ದರೆ ದೊಡ್ಡಪ್ಪ ಯಾಕೆ ತಪ್ಪು ಬರೆದರು ಅಂತ ತಿಳಿಯಲ್ಲ. "ತುಂಬಾ ಬುದ್ಧಿವಂತೆ" ಅನ್ನುವ ಮಾತು ಎಲ್ಲೂ ಇಲ್ಲ. ಚೀಲ ಎಣಿಸಿದ ಮೇಲೆ ಅದನ್ನು ಬೇರೆ ಹೇಳಬೇಕಾ?

ಮೊದಲ ಕರಡಿನಲ್ಲಿ ನಾನು "ಕಾಲಾಡಿಸುತ್ತಾ ಕೂತಿದ್ದಳು" ಅಂತ ಬರೆದಿದ್ದೆ. ಚೆನ್ನಾಗಿ ಕಾಣುತ್ತಿತ್ತು. ಆದರೆ ದೊಡ್ಡಪ್ಪ ಹಾಗೆ ಹೇಳಿರಲಿಲ್ಲ, ಕಾಲಾಡಿಸಿದ್ದು ನಾನು. ತೆಗೆದೆ. ಮನೆಯವರು ಸಣ್ಣ ಸುಳ್ಳನ್ನೂ ತಕ್ಷಣ ಹಿಡಿಯುತ್ತಾರೆ, ಆಮೇಲೆ ನಿಜವನ್ನೂ ನಂಬಲ್ಲ. ಜೋಡಿಸುವಾಗ ಹಿಂದೆ ಮುಂದೆ ಮಾಡಬಹುದು, ಚಿಕ್ಕದು ಮಾಡಬಹುದು, ಇಲ್ಲದ್ದನ್ನು ಸೇರಿಸುವ ಹಾಗಿಲ್ಲ. ಅನುಮಾನ ಇದ್ದರೆ ಫೋನ್ ಮಾಡಿ ಕೇಳಿ. ಚೀಲದ ಸಂಖ್ಯೆಯನ್ನು ನಾವು ದೊಡ್ಡಪ್ಪನಿಗೆ ಮತ್ತೆ ಕೇಳಿಯೇ ಬರೆದಿದ್ದು.

ಕನ್ನಡದಲ್ಲೇ ಬರುವ ಎರಡು ತೊಡಕು ಹೇಳಿಬಿಡುತ್ತೇನೆ.

ಒಂದು, ಸಂಬಂಧದ ಹೆಸರು. ಓದುವವಳಿಗೆ ಅವರು ಅಪ್ಪ, ಮದುಮಗಳಿಗೆ ದೊಡ್ಡಪ್ಪ, ಮದುಮಗಳ ಅಮ್ಮನಿಗೆ ಭಾವ. ಮೂರೂ ಹೆಸರು ಬಂದರೆ ಬೀಗರು ಮೂರು ಜನ ಅಂದುಕೊಳ್ಳುತ್ತಾರೆ. ಎಲ್ಲ ಸಂಬಂಧವನ್ನೂ ಮದುಮಗಳ ಕಡೆಯಿಂದಲೇ ಹೇಳಿ. ಈ ಹುಡುಗಿ ತನ್ನ ಸ್ವಂತ ಅಪ್ಪನನ್ನು "ದೊಡ್ಡಪ್ಪ" ಅಂತ ಓದಲು ಮೊದಮೊದಲು ನಕ್ಕು ನಕ್ಕು ಮೂರು ಟೇಕ್ ಹಾಳು ಮಾಡಿದಳು.

ಎರಡು, ಅವಳು, ನೀನು, ಅವರು. ನಿರೂಪಣೆ ಮೂರು ತುಂಡು "ಅವಳು" ಅಂತಲೇ ಹೋಗಲಿ, ಕೇಳುವವರಲ್ಲಿ ಅರ್ಧ ಜನಕ್ಕೆ ಅವಳು ಹೊಸಬಳು. ನಾಲ್ಕನೇ ತುಂಡಿನಲ್ಲಿ, ಕೊನೆಯ ಎರಡು ವಾಕ್ಯಕ್ಕೆ ಮಾತ್ರ "ನೀನು" ಅಂತ ತಿರುಗಿ. ನಮ್ಮಲ್ಲಿ ಅದು ಹೀಗಿತ್ತು: "ಮದುವೆ ಖರ್ಚಿನ ಪುಸ್ತಕದಲ್ಲಿ ಇನ್ನೂ ಅರ್ಧ ಪುಟ ಖಾಲಿ ಇದೆ. ನಾಳೆಯಿಂದ ಇದನ್ನು ಯಾರು ಬರೆಯಬೇಕು ಅಂತ ನೀನೇ ಹೇಳಿಬಿಟ್ಟು ಹೋಗು." ಹುಡುಗನನ್ನು ಶುರುವಿನಿಂದ ಕೊನೆವರೆಗೂ "ಅವರು" ಅನ್ನಿ. ಒಮ್ಮೆ "ಬಂದರು", ಇನ್ನೊಮ್ಮೆ "ಬಂದ" ಆಗಬಾರದು.

6. ದೊಡ್ಡಪ್ಪನ ದನಿ ಎಲ್ಲಿ ಇಡಬೇಕು

ಎರಡು ಕಡೆ, ಒಟ್ಟು 21 ಸೆಕೆಂಡ್. ಎರಡನೇ ತುಂಡು ಮುಗಿದ ತಕ್ಷಣ ಮೊದಲನೆಯದು: "ಬೈದೆ ನಾನು. ಆಮ್ಯಾಲೆ ಎಣಿಸಿದ್ರೆ ನಲವತ್ತೆಂಟೇ!" ಈ ಸಾಲು ನಿರೂಪಣೆಯಲ್ಲೂ ಇದೆ, ಮತ್ತೆ ಯಾಕೆ ಅನಿಸಬಹುದು. ಬೇಕಂತಲೇ ಇಟ್ಟಿದ್ದು. ಮಗಳು ಶಾಂತವಾಗಿ ಹೇಳಿದ್ದನ್ನು ಅಪ್ಪ ಈಗಲೂ ಆಶ್ಚರ್ಯದಲ್ಲಿ ಹೇಳುತ್ತಾರೆ. ಎರಡನೆಯದು ಕೊನೆಗೆ, ಎದ್ದು ಹೋಗುವಾಗ ಅಂದ ಮಾತು: "ನಾನೇನು ಇವ್ಳಿಗೆ ಲೆಕ್ಕ ಕಲಿಸ್ಲಿಲ್ಲ ಬಿಡ್ರಿ. ನಂದೇ ತಪ್ಪು ಹಿಡಿದಾಕಿ."

ಇದನ್ನು ಮತ್ತೆ ಚೆನ್ನಾಗಿ ರೆಕಾರ್ಡ್ ಮಾಡಿಸೋಣ ಅಂತ ಎಡಿಟ್ ಮಾಡುವವರು ಹೇಳುತ್ತಾರೆ. ಮಾಡಿಸಬೇಡಿ. ನಾವು ಒಮ್ಮೆ ಮಾಡಿಸಿ ನೋಡಿದೆವು. ದೊಡ್ಡಪ್ಪ ಗಂಟಲು ಸರಿ ಮಾಡಿಕೊಂಡು, ರೇಡಿಯೋ ವಾರ್ತೆ ಥರ ಹೇಳಿದರು. ಫ್ಯಾನಿನ ಸದ್ದು ಇದ್ದರೂ ಹಳೆಯದೇ ಇರಲಿ. ಮಾತನ್ನು ಪರದೆಯ ಕೆಳಗೆ ಅಕ್ಷರದಲ್ಲಿ ಹಾಕಿದರೆ ಆಯಿತು. ಅವರ ಮಾತನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದಬೇಡಿ. "ಆಮ್ಯಾಲೆ" ಅಂದಿದ್ದರೆ ಕೆಳಗೂ "ಆಮ್ಯಾಲೆ".

ಪರದೆಯ ಅಕ್ಷರದಲ್ಲಿ ಒಂದು ಅಪಾಯ ಇದೆ. ಕೆಲವು ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಕನ್ನಡದ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತವೆ. "ದೊಡ್ಡಪ್ಪ" ಅನ್ನುವ ಪದವನ್ನೇ ಮೊದಲು ಹಾಕಿ ನೋಡಿ. ಎರಡು ಒತ್ತು ಇದೆ, ಒಡೆದರೆ ತಕ್ಷಣ ಗೊತ್ತಾಗುತ್ತದೆ. ಒಡೆದರೆ ಆ ಸಾಲನ್ನು ಬೇರೆ ಕಡೆ ಟೈಪ್ ಮಾಡಿ ಚಿತ್ರವಾಗಿ ಉಳಿಸಿ ಅಂಟಿಸಲು ಹೇಳಿ.

7. ಓದಿ, ಅಳೆದು, ರೆಕಾರ್ಡ್ ಮಾಡಿ

ಬರೆದದ್ದನ್ನು ಗಟ್ಟಿಯಾಗಿ ಓದಿ. ಒಂದು ವಾಕ್ಯದ ನಡುವೆ ಉಸಿರು ಕಟ್ಟಿದರೆ ವಾಕ್ಯ ಉದ್ದ ಆಗಿದೆ ಅಂತ ಅರ್ಥ, ಎರಡು ಮಾಡಿ. ನಾಲಿಗೆ ತೊಡರುವ ಪದ ಬದಲಾಯಿಸಿ. ಸಂಖ್ಯೆಗಳನ್ನು ಅಕ್ಷರದಲ್ಲಿ ಬರೆದುಕೊಡಿ. "48" ಅಂತ ಬರೆದರೆ ಗಡಿಬಿಡಿಯಲ್ಲಿ "ಫಾರ್ಟಿ ಎಯ್ಟ್" ಅಂದುಬಿಡುತ್ತಾರೆ. ಪ್ರತಿ ತುಂಡನ್ನೂ ಫೋನಿನ ಸ್ಟಾಪ್‌ವಾಚ್ ಇಟ್ಟು ಬೇರೆ ಬೇರೆ ಅಳೆಯಿರಿ. ಹೆಚ್ಚಾದರೆ ಬೇಗ ಓದಿಸಬೇಡಿ, ಒಂದು ವಾಕ್ಯ ಕಿತ್ತುಹಾಕಿ. ಮೂರನೇ ತುಂಡು ನಮಗೆ 58 ಸೆಕೆಂಡ್ ಬಂತು, ಎಂಟು ಹೆಚ್ಚು. ಆಸ್ಪತ್ರೆಯ ಕ್ಯಾಂಟೀನ್ ಬಗ್ಗೆ ಎರಡು ವಾಕ್ಯ ಇದ್ದವು, ಹೋದವು.

ರೆಕಾರ್ಡಿಂಗಿಗೆ ಸ್ಟುಡಿಯೋ ಬೇಕಿಲ್ಲ. ಹಾಸಿಗೆ, ದಿಂಬು, ಬಟ್ಟೆ ತುಂಬಿದ ಬೀರು ಇರುವ ಕೋಣೆ ಆರಿಸಿ. ಬಟ್ಟೆ ದನಿಯ ಮಾರ್ದನಿಯನ್ನು ಹೀರಿಕೊಳ್ಳುತ್ತದೆ. ಫ್ಯಾನ್ ನಿಲ್ಲಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಬಾಯಿಂದ ಒಂದು ಗೇಣು ದೂರ, ನೇರ ಎದುರಿಗೆ ಬೇಡ, ತುಸು ಪಕ್ಕಕ್ಕೆ. ಎದುರಿಗೆ ಇಟ್ಟರೆ "ಪ", "ಭ" ಬಂದಾಗಲೆಲ್ಲ ಗಾಳಿ ಬಡಿಯುತ್ತದೆ. ಬೆಳಿಗ್ಗೆ ಐದೂವರೆ ಆರಕ್ಕೆ ಕೂತರೆ ಬೀದಿಯ ಸದ್ದು ಕಡಿಮೆ. ಶುರು ಮಾಡುವ ಮುಂಚೆ ಹತ್ತು ಸೆಕೆಂಡ್ ಯಾರೂ ಮಾತಾಡದೆ ಖಾಲಿ ಕೋಣೆಯನ್ನೇ ರೆಕಾರ್ಡ್ ಮಾಡಿ. ವಾಕ್ಯಗಳ ನಡುವೆ ಮೌನ ಸೇರಿಸಲು ಎಡಿಟ್ ಮಾಡುವವರಿಗೆ ಅದು ಬೇಕಾಗುತ್ತದೆ. ಪೂರ್ತಿ ಸದ್ದಿಲ್ಲದ ಮೌನ ಹಾಕಿದರೆ ದನಿ ಕತ್ತರಿಸಿದ ಹಾಗೆ ಕೇಳುತ್ತದೆ.

ದನಿಯ ಕೆಳಗೆ ಹಾಡು ಹಾಕಬೇಡಿ. ಬರೀ ವಾದ್ಯ ಇರಲಿ. ಹಾಡಿನ ಸಾಹಿತ್ಯ ಮತ್ತು ನಿರೂಪಣೆ ಒಟ್ಟಿಗೆ ಬಂದರೆ ಕಿವಿ ಎರಡನ್ನೂ ಬಿಡುತ್ತದೆ.

8. ಮಂಟಪದಲ್ಲಿ

ಮುಂಚಿನ ದಿನವೇ ಮಂಟಪಕ್ಕೆ ಹೋಗಿ ಅಲ್ಲಿಯ ಪರದೆ ಮೇಲೆ, ಅಲ್ಲಿಯ ಸ್ಪೀಕರಿನಲ್ಲಿ ಒಮ್ಮೆ ಪೂರ್ತಿ ಹಾಕಿ. ಖಾಲಿ ಮಂಟಪದಲ್ಲಿ ದನಿ ಮಾರ್ದನಿಸುತ್ತದೆ, ಜನ ತುಂಬಿದ ಮೇಲೆ ಕಡಿಮೆ ಆಗುತ್ತದೆ. ಹಾಗಾಗಿ ಸ್ವಲ್ಪ ಗುಂಯ್‌ಗುಟ್ಟಿದರೆ ಚಿಂತೆ ಇಲ್ಲ. ಸಂಗೀತ ದನಿಯನ್ನು ಮುಳುಗಿಸುತ್ತಿದ್ದರೆ ಮಾತ್ರ ಚಿಂತೆ ಮಾಡಿ. ಅದನ್ನು ಮಂಟಪದಲ್ಲಿ ಸರಿ ಮಾಡಲು ಆಗಲ್ಲ, ವಾಪಸ್ ಎಡಿಟಿಗೇ ಹೋಗಬೇಕು. ನಮಗೆ ಹಾಗೇ ಆಯಿತು. ಹೆಡ್‌ಸೆಟ್ಟಿನಲ್ಲಿ ಸರಿಯಾಗಿ ಕೇಳಿದ್ದ ಸಂಗೀತ ಅಲ್ಲಿ ದೊಡ್ಡದಾಯಿತು. ರಾತ್ರಿ ಹತ್ತಕ್ಕೆ ಅರ್ಧಕ್ಕೆ ಇಳಿಸಿ ಮತ್ತೆ ತಂದೆವು. ಅದಕ್ಕೇ ಮುಂಚಿನ ದಿನ ಅನ್ನುತ್ತಿರುವುದು.

ಯಾವಾಗ ತೋರಿಸಬೇಕು ಅನ್ನುವುದೂ ಮುಖ್ಯ. ಆರತಕ್ಷತೆಯಲ್ಲಿ ಫೋಟೋ ಸಾಲು ಶುರುವಾದ ಮೇಲೆ ಯಾರೂ ನೋಡಲ್ಲ. ಜೋಡಿ ವೇದಿಕೆ ಹತ್ತಿ ಕೂತ ಕೂಡಲೇ, ಮೊದಲ ಉಡುಗೊರೆಗೂ ಮುಂಚೆ ಹಾಕಿ. ನಾಲ್ಕು ನಿಮಿಷ ಊಟದ ಹಾಲಿನ ಕಡೆಯ ಬಾಗಿಲು ಮುಚ್ಚಿಸಿ. ಬೆಣ್ಣೆ ದೋಸೆ ಕೌಂಟರ್ ಶುರುವಾಗಿಬಿಟ್ಟರೆ ದೊಡ್ಡಪ್ಪ ಏನು, ಯಾರ ಮಾತನ್ನೂ ಕೇಳುವವರು ಇರಲ್ಲ.

ಫೈಲನ್ನು ಎರಡು ಪೆನ್‌ಡ್ರೈವಿನಲ್ಲಿ ಇಡಿ, ಒಂದು ಬೇರೆಯವರ ಜೇಬಿನಲ್ಲಿರಲಿ. ವಾಟ್ಸ್ಯಾಪಿನಲ್ಲಿ ಕಳಿಸುವುದಾದರೆ ವಿಡಿಯೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ವಿಡಿಯೋ ಆಗಿ ಕಳಿಸಿದರೆ ಅದು ಕುಗ್ಗಿ, ದೊಡ್ಡ ಪರದೆ ಮೇಲೆ ಮುಖಗಳು ಕಲಸಿಹೋಗುತ್ತವೆ.

41 ನಿಮಿಷದ ಮೂಲವನ್ನು ಅಳಿಸಬೇಡಿ. ಫೋನಿನಲ್ಲಿ ಜಾಗ ಇಲ್ಲ ಅಂತ ಮೊದಲು ಹೋಗುವುದು ಅದೇ. ಕಂಪ್ಯೂಟರಿನಲ್ಲಿ ಒಂದು, ಬೇರೆ ಮನೆಯಲ್ಲಿ ಒಂದು ಪ್ರತಿ ಇಟ್ಟು, ದಿನಾಂಕ ಮತ್ತು ಮಾತಾಡಿದವರ ಹೆಸರನ್ನು ಫೈಲಿನ ಹೆಸರಿಗೇ ಸೇರಿಸಿ. ಆ ಹತ್ತಿ ಮಿಲ್ಲಿನ ಕಥೆ ಅದರಲ್ಲಿ ಮಾತ್ರ ಇದೆ.